ಕೊನೆಯ ಮೆಟ್ಟಿಲನ್ನು ಕಿತ್ತುಹಾಕುವ ಮುನ್ನ

(‘ಭಾರತದಲ್ಲಿ ಮರಣದಂಡನೆ ರದ್ದಾಗಬೇಕು’ ಎಂಬ ನಿರ್ಣಯವನ್ನು ವಿರೋಧಿಸಿ ವಡೋದರಾದ ನಮ್ಮ ಬಳಗದ ಚರ್ಚಾಕೂಟದಲ್ಲಿ ಮಾಡಿದ ಭಾಷಣದ ಬರಹರೂಪ.)



ನನ್ನ ಎದುರಾಳಿಗಳು ಎರಡು ಮಾತುಗಳನ್ನು ಹೇಳಿ ಕುಳಿತಿದ್ದಾರೆ. ಮೊದಲನೆಯದು, ಗಲ್ಲಿನ ಭಯದಿಂದ ಕೊಲೆಗಳು ಕಡಿಮೆಯಾಗುವುದಿಲ್ಲ. ಎರಡನೆಯದು, ನ್ಯಾಯಾಲಯ ತಪ್ಪು ಮಾಡಬಹುದು, ಮತ್ತು ನೇಣಿಗೇರಿಸಿದ ಮೇಲೆ ಆ ತಪ್ಪನ್ನು ತಿದ್ದಲಾಗದು. ಇವೆರಡೂ ಬಲವಾದ ಮಾತುಗಳೇ. ಎರಡನೆಯದಂತೂ ಈ ಇಡೀ ಚರ್ಚೆಯಲ್ಲಿ ಅತ್ಯಂತ ಗಂಭೀರವಾದ ಮಾತು. ಇವನ್ನು ಬಿಟ್ಟು ಬೇರೆ ದಾರಿಯಲ್ಲಿ ಹೋಗಿ ನಾನು ಗೆಲ್ಲಬಯಸುವುದಿಲ್ಲ. ಸೇಡಿನ ಹೆಸರಿನಲ್ಲಿ, ಸಾರ್ವಜನಿಕ ಆಕ್ರೋಶದ ಹೆಸರಿನಲ್ಲಿ, ಧರ್ಮಶಾಸ್ತ್ರದ ಹೆಸರಿನಲ್ಲಿ ನಾನು ಮರಣದಂಡನೆಯನ್ನು ಸಮರ್ಥಿಸಲಾರೆ. ಈ ಎರಡು ಮಾತುಗಳನ್ನೇ ಎತ್ತಿಕೊಂಡು, ನಾವು ಬದುಕುತ್ತಿರುವ ಈ ಗುಜರಾತಿನ ಪ್ರಕರಣಗಳನ್ನೇ ಮುಂದಿಟ್ಟುಕೊಂಡು, ರದ್ದತಿ ಏಕೆ ತಪ್ಪು ಔಷಧಿ ಎಂದು ಹೇಳುತ್ತೇನೆ.

ಮೊದಲು ಭಯದ ಮಾತು. ಗಲ್ಲುಶಿಕ್ಷೆ ಇರುವ ದೇಶಗಳಲ್ಲಿ ಕೊಲೆ ಕಡಿಮೆಯೇ, ಇಲ್ಲದ ದೇಶಗಳಲ್ಲಿ ಹೆಚ್ಚೇ ಎಂಬ ಲೆಕ್ಕಾಚಾರ ಅರ್ಧ ಶತಮಾನದಿಂದ ನಡೆದಿದೆ. 1975ರಲ್ಲಿ ಐಸಾಕ್ ಎರ್ಲಿಚ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞ ಒಂದೊಂದು ಮರಣದಂಡನೆಯೂ ಹಲವು ಕೊಲೆಗಳನ್ನು ತಡೆಯುತ್ತದೆ ಎಂದು ಲೆಕ್ಕ ಕೊಟ್ಟರು. ಅವರ ವಿಧಾನವನ್ನು ಪ್ರಶ್ನಿಸಿದವರು ಅನೇಕರು. 2012ರಲ್ಲಿ ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿಯ ಸಮಿತಿ ಎಲ್ಲ ಅಧ್ಯಯನಗಳನ್ನೂ ಪರಿಶೀಲಿಸಿ, ಇವುಗಳಿಂದ ಮರಣದಂಡನೆ ಕೊಲೆಯನ್ನು ಹೆಚ್ಚಿಸುತ್ತದೆ, ತಗ್ಗಿಸುತ್ತದೆ ಅಥವಾ ಏನೂ ಮಾಡುವುದಿಲ್ಲ ಎಂಬ ಯಾವ ತೀರ್ಮಾನಕ್ಕೂ ಬರಲಾಗದು ಎಂದಿತು. ಇದನ್ನು ನಾನು ಒಪ್ಪುತ್ತೇನೆ. ಆದರೆ ನನ್ನ ಮಿತ್ರರು ಇದನ್ನು ‘ಭಯವಿಲ್ಲ ಎಂದು ಸಾಬೀತಾಗಿದೆ’ ಎಂದು ಓದುತ್ತಾರೆ. ಸಾಬೀತಾಗಿಲ್ಲ ಎನ್ನುವುದಕ್ಕೂ ಇಲ್ಲವೆಂದು ಸಾಬೀತಾಗಿದೆ ಎನ್ನುವುದಕ್ಕೂ ಬಹಳ ಅಂತರವಿದೆ.

ದೇಶದ ಒಟ್ಟು ಕೊಲೆಗಳ ಸರಾಸರಿಯಲ್ಲಿ ಈ ಭಯವನ್ನು ಹುಡುಕುವುದೇ ಸರಿಯಲ್ಲ. ಕೊಲೆಗಳಲ್ಲಿ ಬಹುಪಾಲು ಜಗಳದ ಬಿಸಿಯಲ್ಲಿ, ಕುಡಿತದ ಅಮಲಿನಲ್ಲಿ, ಜಮೀನಿನ ಬದುವಿನ ಮೇಲೆ ಆಗುವಂಥವು. ಅಲ್ಲಿ ಯಾರೂ ಕಾನೂನು ಪುಸ್ತಕವನ್ನು ನೆನೆಯುವುದಿಲ್ಲ. ಅಂಥವರಿಗೆ ಭಾರತದಲ್ಲಿ ಗಲ್ಲು ವಿಧಿಸುವುದೂ ಇಲ್ಲ. 1980ರ ಬಚನ್ ಸಿಂಗ್ ತೀರ್ಪು ಮರಣದಂಡನೆಯನ್ನು ‘ಅಪರೂಪದಲ್ಲಿ ಅಪರೂಪ’ದ ಪ್ರಕರಣಗಳಿಗೆ, ಅದೂ ಬೇರೆ ಯಾವ ಶಿಕ್ಷೆಯೂ ಸಾಲದು ಎನ್ನುವಲ್ಲಿಗೆ, ಸೀಮಿತಗೊಳಿಸಿತು. ಹಾಗಾಗಿ ಪ್ರಶ್ನೆ ಬೇರೆ. ಈಗಾಗಲೇ ಒಂದು ಘೋರ ಅಪರಾಧವನ್ನು ಮಾಡಿ ಮುಗಿಸಿರುವವನು, ಇನ್ನೊಂದು ಹೆಜ್ಜೆ ಇಡಬೇಕೋ ಬೇಡವೋ ಎಂದು ನಿಂತಿರುವ ಆ ಗಳಿಗೆಯಲ್ಲಿ, ಅವನಿಗೂ ಆ ಹೆಜ್ಜೆಗೂ ನಡುವೆ ಕಾನೂನು ಏನನ್ನು ಇಟ್ಟಿದೆ?

ಸೂರತ್ತಿನ ಲಿಂಬಾಯತ್‌ನಲ್ಲಿ 2018ರ ಅಕ್ಟೋಬರ್ 14ರಂದು ನಡೆದದ್ದನ್ನು ಇಲ್ಲಿರುವ ಅನೇಕರು ಪತ್ರಿಕೆಯಲ್ಲಿ ಓದಿದ್ದೀರಿ. ವಲಸೆ ಬಂದ ಕುಟುಂಬವೊಂದರ ಮೂರು ವರ್ಷದ ಹೆಣ್ಣುಮಗು ಕಾಣೆಯಾಯಿತು. ಅದೇ ಕಟ್ಟಡದಲ್ಲಿದ್ದವನ ಬೀಗ ಹಾಕಿದ ಕೋಣೆಯಲ್ಲಿ ಶವ ಸಿಕ್ಕಿತು. ಅವನು ಬಿಹಾರಕ್ಕೆ ಓಡಿಹೋಗಿದ್ದ. ಮಗುವಿಗೆ ಅವನ ಮುಖ ಗೊತ್ತಿತ್ತು, ಅವನ ಕೋಣೆ ಗೊತ್ತಿತ್ತು. ಇಂಥ ಪ್ರಕರಣಗಳಲ್ಲಿ ಮಗುವೇ ಏಕೈಕ ಸಾಕ್ಷಿ. ಅದನ್ನು ಬಿಟ್ಟುಬಿಟ್ಟರೆ ಸಿಕ್ಕಿಬೀಳುವುದು ಬಹುತೇಕ ಖಚಿತ. ಕೊಂದರೆ ತಪ್ಪಿಸಿಕೊಳ್ಳುವ ಅವಕಾಶವಾದರೂ ಉಂಟು. ಬೀಗ ಹಾಕುವುದೂ ಊರು ಬಿಡುವುದೂ ಅಮಲಿನ ಕೆಲಸವಲ್ಲ, ಲೆಕ್ಕದ ಕೆಲಸ. ಈ ಲೆಕ್ಕದಲ್ಲಿ ಕೊಲೆಯ ಕಡೆಯ ತಕ್ಕಡಿಗೆ ಕಾನೂನು ಒಂದು ಹೆಚ್ಚಿನ ಭಾರವನ್ನು ಇಡಲೇಬೇಕು. ಶಿಕ್ಷೆಗಳು ಏಣಿಯ ಮೆಟ್ಟಿಲುಗಳಂತಿರಬೇಕು, ದೊಡ್ಡ ಅಪರಾಧಕ್ಕೆ ಏರುವವನು ಇನ್ನೊಂದು ಮೆಟ್ಟಿಲಿನ ಬೆಲೆ ತೆರಬೇಕು ಎಂಬುದು ಹೊಸ ಮಾತಲ್ಲ. ಮರಣದಂಡನೆಯನ್ನು ವಿರೋಧಿಸಿ ಮೊದಲು ಪುಸ್ತಕ ಬರೆದ ಇಟಲಿಯ ಬೆಕಾರಿಯಾ ಕೂಡ 1764ರಲ್ಲೇ ಶಿಕ್ಷೆಗಳ ನಡುವಿನ ಈ ಅಂತರವನ್ನು ಒತ್ತಿ ಹೇಳಿದ್ದ.

ಇಲ್ಲಿ ನನ್ನ ಮಿತ್ರರು ಕೇಳಬಹುದು: ಮರಣದಂಡನೆ ಇದ್ದೂ ಆ ಮಗು ಸತ್ತಿತಲ್ಲ? ಹೌದು. ಯಾವ ಶಿಕ್ಷೆಯೂ ಎಲ್ಲರನ್ನೂ ತಡೆಯದು. ತಡೆದದ್ದು ಕಡತಕ್ಕೆ ಬರುವುದಿಲ್ಲ, ತಡೆಯಲಾಗದ್ದು ಮಾತ್ರ ನ್ಯಾಯಾಲಯದ ಮುಂದೆ ಬರುತ್ತದೆ. ಆದರೆ ಆ ದಿನಾಂಕವನ್ನು ಇನ್ನೊಮ್ಮೆ ನೋಡಿ. ಅದಕ್ಕೆ ಆರು ತಿಂಗಳ ಹಿಂದೆ, 2018ರ ಏಪ್ರಿಲ್‌ನಲ್ಲಿ, ಕಠುವಾ ಪ್ರಕರಣದ ಆಕ್ರೋಶದ ನಡುವೆ ಕೇಂದ್ರ ಸರ್ಕಾರ ಸುಗ್ರೀವಾಜ್ಞೆ ಹೊರಡಿಸಿತು. ಹನ್ನೆರಡು ವರ್ಷದೊಳಗಿನ ಮಗುವಿನ ಮೇಲಿನ ಅತ್ಯಾಚಾರಕ್ಕೆ, ಕೊಲೆ ನಡೆಯದಿದ್ದರೂ, ಗರಿಷ್ಠ ಶಿಕ್ಷೆ ಮರಣದಂಡನೆ ಎಂದಾಯಿತು. ಆಗಸ್ಟ್‌ನಲ್ಲಿ ಅದು ಕಾಯ್ದೆಯಾಯಿತು, ಮರುವರ್ಷ ಪೋಕ್ಸೊ ಕಾಯ್ದೆಗೂ ಮರಣದಂಡನೆ ಸೇರಿತು. ಅಂದರೆ ಲಿಂಬಾಯತ್‌ನ ಆ ಕೋಣೆಯಲ್ಲಿ ಮಗು ಜೀವಂತವಾಗಿದ್ದಾಗಲೇ ಕಾನೂನು ತನ್ನ ಕೊನೆಯ ಮೆಟ್ಟಿಲನ್ನು ಖರ್ಚು ಮಾಡಿಬಿಟ್ಟಿತ್ತು. ಕೊಂದರೂ ಗಲ್ಲು, ಕೊಲ್ಲದಿದ್ದರೂ ಗಲ್ಲು. ಆ ತಿದ್ದುಪಡಿಯನ್ನು ಗಟ್ಟಿತನ ಎಂದು ಹೊಗಳಿದವರ ಸಾಲಿನಲ್ಲಿ ನಾನಿಲ್ಲ. ಅದು ಏಣಿಯ ಮೇಲಿನ ಎರಡು ಮೆಟ್ಟಿಲುಗಳನ್ನು ಒಂದೇ ಮಾಡಿತು.

ಈಗ ರದ್ದತಿಯವರು ಏನು ಮಾಡುತ್ತಾರೆ ನೋಡಿ. ಮಗುವಿನ ಮೇಲಿನ ಅತ್ಯಾಚಾರಕ್ಕೆ ಇಂದು ಜೀವಮಾನದ ಕೊನೆಯವರೆಗಿನ ಸೆರೆ ವಿಧಿಸಬಹುದು. ಮರಣದಂಡನೆಯನ್ನು ತೆಗೆದರೆ ಅತ್ಯಾಚಾರ ಮತ್ತು ಕೊಲೆ ಎರಡಕ್ಕೂ ಅದೇ ಗರಿಷ್ಠ ಶಿಕ್ಷೆ. ಶಾಸಕರು ಕೆಳಗಿನ ಮೆಟ್ಟಿಲನ್ನು ಮೇಲಕ್ಕೆತ್ತಿ ಏಣಿಯನ್ನು ಸಪಾಟು ಮಾಡಿದರು, ನನ್ನ ಮಿತ್ರರು ಮೇಲಿನ ಮೆಟ್ಟಿಲನ್ನು ಕಿತ್ತು ಸಪಾಟು ಮಾಡುತ್ತಾರೆ. ದಾರಿ ಬೇರೆ, ತಲುಪುವ ಜಾಗ ಒಂದೇ. ಕೊಲೆಯಿಲ್ಲದ ಅಪರಾಧಗಳಿಂದ ಮರಣದಂಡನೆಯನ್ನು ಹಿಂತೆಗೆದು, ಯೋಜಿಸಿ ಮಾಡಿದ ಕೊಲೆಗೆ ಮಾತ್ರ ಅದನ್ನು ಉಳಿಸುವುದು ನನ್ನ ನಿಲುವು. ಸಾಕ್ಷಿಯನ್ನು ಜೀವಂತ ಬಿಟ್ಟವನಿಗೂ ಕೊಂದವನಿಗೂ ಕಾನೂನು ವ್ಯತ್ಯಾಸ ತೋರಿಸಲಿ.

ಇದಕ್ಕೊಂದು ಮಿತಿಯಿದೆ ಎಂಬುದನ್ನೂ ಹೇಳಿಬಿಡುತ್ತೇನೆ. ಸಿಕ್ಕಿಬೀಳುವ ಭಯವಿಲ್ಲದಿದ್ದರೆ ಶಿಕ್ಷೆಯ ಭಯಕ್ಕೆ ಅರ್ಥವಿಲ್ಲ. 2000ದಿಂದ 2020ರವರೆಗೆ ಈ ದೇಶದಲ್ಲಿ ನೇಣಿಗೇರಿದವರು ಎಂಟೇ ಮಂದಿ. ಪತ್ತೆ ಮಾಡದ ಪೊಲೀಸರು, ದಶಕ ಎಳೆಯುವ ವಿಚಾರಣೆ ಇರುವಲ್ಲಿ ಮೇಲಿನ ಮೆಟ್ಟಿಲಿನ ಎತ್ತರ ಯಾರಿಗೂ ಕಾಣುವುದಿಲ್ಲ. ಅದನ್ನು ಕಾಣಿಸುವಂತೆ ಮಾಡಬೇಕಾದದ್ದು ಒಳ್ಳೆಯ ತನಿಖೆ. ಮೆಟ್ಟಿಲು ಕಾಣುತ್ತಿಲ್ಲವೆಂದು ಅದನ್ನೇ ಕೀಳುವುದು ಪರಿಹಾರವಾಗದು.

‘ಗಲ್ಲು ಬೇಡ, ಸಾಯುವವರೆಗೆ ಸೆರೆ ಇರಲಿ, ಅದೇ ಸಾಕು’ ಎಂಬ ಮಾತೂ ಈ ಸಭೆಯಲ್ಲಿ ಕೇಳಿಬಂತು. ಈ ‘ಸಾಯುವವರೆಗಿನ ಸೆರೆ’ ಹುಟ್ಟಿದ್ದು ನಮ್ಮ ಬೆಂಗಳೂರಿನ ಪ್ರಕರಣವೊಂದರಿಂದ. ಮೈಸೂರಿನ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ ಅವರ ಮೊಮ್ಮಗಳು ಶಕೆರೆ ಖಲೀಲಿ 1991ರಲ್ಲಿ ಕಾಣೆಯಾದರು. ಅವರನ್ನು ಎರಡನೆಯ ಪತಿ ಸ್ವಾಮಿ ಶ್ರದ್ಧಾನಂದ ಮನೆಯ ಆವರಣದಲ್ಲೇ ಹೂತಿದ್ದನೆಂಬುದು ಮೂರು ವರ್ಷದ ಬಳಿಕ ಹೊರಬಿತ್ತು. ಅವನಿಗೆ ವಿಚಾರಣಾ ನ್ಯಾಯಾಲಯ ಗಲ್ಲು ವಿಧಿಸಿತು, ಕರ್ನಾಟಕ ಹೈಕೋರ್ಟ್ ದೃಢಪಡಿಸಿತು. ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳಲ್ಲಿ ಶಿಕ್ಷೆಯ ಬಗ್ಗೆ ಭಿನ್ನಮತ ಬಂದಿತು. 2008ರಲ್ಲಿ ಮೂವರ ಪೀಠ ಒಂದು ನಡುದಾರಿ ಕಂಡುಕೊಂಡಿತು: ಗಲ್ಲು ಅತಿಯಾಯಿತು, ಹದಿನಾಲ್ಕು ವರ್ಷಕ್ಕೆ ಬಿಡುಗಡೆಯಾಗಬಹುದಾದ ಸಾಧಾರಣ ಜೀವಾವಧಿ ತೀರಾ ಕಡಿಮೆಯಾಯಿತು, ಆದ್ದರಿಂದ ಕ್ಷಮಾಪಣೆಯ ಕಡಿತವಿಲ್ಲದೆ ಕೊನೆಯುಸಿರಿನವರೆಗೆ ಸೆರೆ. 2015ರಲ್ಲಿ ಸಂವಿಧಾನ ಪೀಠ ಇದನ್ನು ಬಹುಮತದಿಂದ ಎತ್ತಿಹಿಡಿದು, ಇಂಥ ಶಿಕ್ಷೆಯನ್ನು ಹೈಕೋರ್ಟ್ ಮತ್ತು ಸುಪ್ರೀಂ ಕೋರ್ಟುಗಳು ಮಾತ್ರ ವಿಧಿಸಬಹುದು ಎಂದಿತು. ಗಮನಿಸಿ, ಈ ಶಿಕ್ಷೆ ನಿಂತಿರುವುದು ಮರಣದಂಡನೆಗೆ ಬದಲಿಯಾಗಿ. ಮೇಲಿನ ಮೆಟ್ಟಿಲು ಇದ್ದುದರಿಂದಲೇ ಈ ಮೆಟ್ಟಿಲು ಹುಟ್ಟಿತು.

ಹಾಗೆಂದು ಸಾಧಾರಣ ಜೀವಾವಧಿ ಎಷ್ಟು ಗಟ್ಟಿ? ಗೋಧ್ರಾ ನಮಗೆ ದೂರವಲ್ಲ. ಬಿಲ್ಕಿಸ್ ಬಾನು ಪ್ರಕರಣದಲ್ಲಿ, ಮಕ್ಕಳೂ ಸೇರಿದಂತೆ ಒಂದೇ ಕುಟುಂಬದವರ ಸಾಮೂಹಿಕ ಹತ್ಯೆಗಾಗಿ, 2008ರಲ್ಲಿ ಜೀವಾವಧಿ ಶಿಕ್ಷೆಗೊಳಗಾದ ಹನ್ನೊಂದು ಮಂದಿಯನ್ನು 2022ರ ಆಗಸ್ಟ್ 15ರಂದು ಗೋಧ್ರಾ ಸೆರೆಮನೆಯಿಂದ ಬಿಡುಗಡೆ ಮಾಡಲಾಯಿತು. ಅವರಲ್ಲಿ ಮೂವರಿಗೆ ಮರಣದಂಡನೆ ಬೇಕೆಂದು ಸಿಬಿಐ ಕೇಳಿದ್ದನ್ನು ಬಾಂಬೆ ಹೈಕೋರ್ಟ್ 2017ರಲ್ಲಿ ನಿರಾಕರಿಸಿತ್ತು. ಹೊರಬಂದವರಿಗೆ ಹಾರ ಹಾಕಿದ ಚಿತ್ರಗಳನ್ನು ನಾವೆಲ್ಲ ನೋಡಿದೆವು. 2024ರ ಜನವರಿ 8ರಂದು ಸುಪ್ರೀಂ ಕೋರ್ಟ್ ಆ ಬಿಡುಗಡೆಯನ್ನು ರದ್ದುಪಡಿಸಿ ಅವರನ್ನು ಮತ್ತೆ ಒಳಗೆ ಕಳುಹಿಸಿತು. ಆದರೆ ಮುಖ್ಯ ಕಾರಣವೇನು? ವಿಚಾರಣೆ ಮುಂಬೈಯಲ್ಲಿ ನಡೆದಿದ್ದರಿಂದ ಬಿಡುಗಡೆಯನ್ನು ತೀರ್ಮಾನಿಸುವ ಅಧಿಕಾರ ಮಹಾರಾಷ್ಟ್ರ ಸರ್ಕಾರಕ್ಕಿತ್ತು, ಗುಜರಾತಿಗಲ್ಲ ಎಂಬುದು. ‘ಜೀವಾವಧಿ’ ಎಂಬ ಪದಕ್ಕೆ ಜೀವವಿರುವ ಅವಧಿ ಎಂದರ್ಥವಾದರೂ ಅದರ ನಿಜವಾದ ಉದ್ದವನ್ನು ಅಳೆಯುವುದು ಆ ಹೊತ್ತಿನ ಸರ್ಕಾರ. ಸಂತ್ರಸ್ತರಿಗೆ ನ್ಯಾಯಾಲಯ ಕೊಟ್ಟ ಮಾತನ್ನು ಸಚಿವಾಲಯ ಮುರಿಯಬಹುದಾದಾಗ, ಜೀವಾವಧಿಯೇ ಸಾಕು ಎಂದು ನಾನು ಹೇಗೆ ಒಪ್ಪಲಿ?

ಈಗ ಎರಡನೆಯ, ದೊಡ್ಡ ಮಾತಿಗೆ ಬರುತ್ತೇನೆ. ತಿದ್ದಲಾಗದ ತಪ್ಪು. ನನ್ನ ಎದುರಾಳಿಗಳು ಪ್ರಸ್ತಾಪಿಸಿದ ಅಕ್ಷರಧಾಮ ಪ್ರಕರಣವನ್ನೇ ನಾನೂ ಎತ್ತಿಕೊಳ್ಳುತ್ತೇನೆ. ಈ ವಿಷಯದಲ್ಲಿ ಅದಕ್ಕಿಂತ ಕಠಿಣವಾದ ಪರೀಕ್ಷೆ ಇಲ್ಲ.

2002ರ ಸೆಪ್ಟೆಂಬರ್ 24ರ ಸಂಜೆ ಇಬ್ಬರು ಬಂದೂಕುಧಾರಿಗಳು ಗಾಂಧಿನಗರದ ಅಕ್ಷರಧಾಮ ದೇವಾಲಯಕ್ಕೆ ನುಗ್ಗಿ ಮೂವತ್ತಕ್ಕೂ ಹೆಚ್ಚು ಜನರನ್ನು ಕೊಂದರು. ಮರುದಿನ ಬೆಳಗಿನೊಳಗೆ ರಾಷ್ಟ್ರೀಯ ಭದ್ರತಾ ಪಡೆಯವರು ಆ ಇಬ್ಬರನ್ನೂ ಕೊಂದರು. ಒಳಸಂಚು ಮಾಡಿದವರಾರು? ಸುಮಾರು ಒಂದು ವರ್ಷ ಏನೂ ಹೊರಬರಲಿಲ್ಲ. 2003ರ ಆಗಸ್ಟ್ ಕೊನೆಯಲ್ಲಿ ತನಿಖೆ ಅಹಮದಾಬಾದಿನ ಅಪರಾಧ ವಿಭಾಗಕ್ಕೆ ವರ್ಗವಾಯಿತು, ಒಂದೇ ದಿನದಲ್ಲಿ ಬಂಧನಗಳು ಆರಂಭವಾದವು. 2006ರ ಜುಲೈಯಲ್ಲಿ ಪೋಟಾ ವಿಶೇಷ ನ್ಯಾಯಾಲಯ ಮೂವರಿಗೆ ಗಲ್ಲು, ಒಬ್ಬರಿಗೆ ಜೀವಾವಧಿ, ಇನ್ನಿಬ್ಬರಿಗೆ ಹತ್ತು ಮತ್ತು ಐದು ವರ್ಷಗಳ ಸೆರೆ ವಿಧಿಸಿತು. 2010ರಲ್ಲಿ ಗುಜರಾತ್ ಹೈಕೋರ್ಟ್ ಇದನ್ನು ಎತ್ತಿಹಿಡಿಯಿತು. 2014ರ ಮೇ 16ರಂದು, ಲೋಕಸಭಾ ಚುನಾವಣೆಯ ಫಲಿತಾಂಶ ಹೊರಬೀಳುತ್ತಿದ್ದ ಅದೇ ದಿನ, ಸುಪ್ರೀಂ ಕೋರ್ಟ್ ಆರೂ ಮಂದಿಯನ್ನು ಖುಲಾಸೆಗೊಳಿಸಿತು. ಪೀಠದಲ್ಲಿದ್ದವರು ನ್ಯಾಯಮೂರ್ತಿ ಎ.ಕೆ. ಪಟ್ನಾಯಕ್ ಮತ್ತು ನಮ್ಮವರೇ ಆದ ನ್ಯಾಯಮೂರ್ತಿ ವಿ. ಗೋಪಾಲಗೌಡರು. ತೀರ್ಪನ್ನು ಬರೆದವರು ಗೋಪಾಲಗೌಡರು.

ಆ ತೀರ್ಪು ಎರಡು ಕೆಳ ನ್ಯಾಯಾಲಯಗಳಿಗೆ ಕಾಣದ್ದನ್ನು ಕಂಡಿತು. ಪೋಟಾ ಅಡಿಯಲ್ಲಿ ಮೊಕದ್ದಮೆ ಹೂಡಲು ಸರ್ಕಾರದ ಪೂರ್ವಾನುಮತಿ ಬೇಕು. ಅದನ್ನು ಮನಸ್ಸಿಟ್ಟು ಪರಿಶೀಲಿಸದೆ ಕೊಡಲಾಗಿತ್ತು. ಸಾಧಾರಣ ಕಾನೂನಿನಲ್ಲಿ ಪೊಲೀಸರ ಮುಂದಿನ ತಪ್ಪೊಪ್ಪಿಗೆಗೆ ಸಾಕ್ಷ್ಯದ ಬೆಲೆಯಿಲ್ಲ. ಪೋಟಾ ಅದಕ್ಕೆ ಬೆಲೆ ಕೊಟ್ಟಿತ್ತು, ಆದರೆ ಜೊತೆಗೆ ಕೆಲವು ರಕ್ಷಣೆಗಳನ್ನು ಕಡ್ಡಾಯ ಮಾಡಿತ್ತು. ಆ ರಕ್ಷಣೆಗಳನ್ನು ಪಾಲಿಸಿರಲಿಲ್ಲ, ಆರೋಪಿಗಳು ಆ ಹೇಳಿಕೆಗಳನ್ನು ಹಿಂತೆಗೆದುಕೊಂಡಿದ್ದರು. ಇನ್ನೊಂದು ಸಾಕ್ಷ್ಯ ಎರಡು ಉರ್ದು ಪತ್ರಗಳು. ಸತ್ತ ದಾಳಿಕೋರರ ಪ್ಯಾಂಟಿನ ಜೇಬಿನಲ್ಲಿ ಸಿಕ್ಕವು, ಬರೆದವನು ಆರೋಪಿಗಳಲ್ಲೊಬ್ಬ ಎಂಬುದು ಪೊಲೀಸರ ವಾದ. ಪ್ಯಾಂಟುಗಳು ಗುಂಡು ತಾಗಿ ತೂತಾಗಿದ್ದವು, ರಕ್ತದಲ್ಲಿ ತೊಯ್ದಿದ್ದವು. ಅದೇ ಜೇಬಿನಲ್ಲಿದ್ದ ಪತ್ರಗಳಲ್ಲಿ ತೂತಿಲ್ಲ, ರಕ್ತದ ಕಲೆಯಿಲ್ಲ. ಇದನ್ನು ನೋಡಲು ಕಾನೂನಿನ ಪಾಂಡಿತ್ಯ ಬೇಕಿರಲಿಲ್ಲ, ಬಟ್ಟೆಯನ್ನೂ ಕಾಗದವನ್ನೂ ಪಕ್ಕಪಕ್ಕದಲ್ಲಿಟ್ಟು ನೋಡುವ ಕಣ್ಣು ಸಾಕಾಗಿತ್ತು.

ನನ್ನ ಮಿತ್ರರ ಪ್ರಶ್ನೆ ನೇರವಾಗಿದೆ: 2010ರಲ್ಲೇ ಅವರನ್ನು ನೇಣಿಗೇರಿಸಿದ್ದರೆ? ನನ್ನ ಉತ್ತರವೂ ನೇರವಾಗಿದೆ: ಏರಿಸಲು ಸಾಧ್ಯವಿರಲಿಲ್ಲ. ಗಲ್ಲುಶಿಕ್ಷೆಯನ್ನು ಸೆಷನ್ಸ್ ನ್ಯಾಯಾಲಯ ವಿಧಿಸಿದರೆ ಸಾಲದು, ಆರೋಪಿ ಕೇಳಲಿ ಬಿಡಲಿ, ಹೈಕೋರ್ಟ್ ಸಾಕ್ಷ್ಯವನ್ನೆಲ್ಲ ಮತ್ತೆ ಓದಿ ದೃಢಪಡಿಸಬೇಕು. ಆಮೇಲೆ ಸುಪ್ರೀಂ ಕೋರ್ಟ್, ಮರುಪರಿಶೀಲನೆ, ರಾಜ್ಯಪಾಲರು, ರಾಷ್ಟ್ರಪತಿ. ಅದೇ ಸೂರತ್ತಿನ ಲಿಂಬಾಯತ್ ಪ್ರಕರಣದಲ್ಲಿ, ಹೈಕೋರ್ಟ್ ಶಿಕ್ಷೆಯನ್ನು ದೃಢಪಡಿಸಿದ ಬೆನ್ನಲ್ಲೇ ಸೆಷನ್ಸ್ ನ್ಯಾಯಾಲಯ 2020ರ ಫೆಬ್ರವರಿ 29ಕ್ಕೆ ನೇಣಿನ ವಾರಂಟ್ ಹೊರಡಿಸಿತ್ತು. ಮೇಲ್ಮನವಿ ಸಲ್ಲಿಸಲು ಕಾನೂನು ಕೊಡುವ ಅರವತ್ತು ದಿನ ಮುಗಿಯುವ ಮೊದಲೇ ಇದೆಂಥ ಆತುರ ಎಂದು ಸುಪ್ರೀಂ ಕೋರ್ಟ್ ಅದನ್ನು ತಡೆಹಿಡಿಯಿತು. ಆತುರಪಟ್ಟದ್ದೂ ನಿಜ, ಅದನ್ನು ತಡೆದದ್ದೂ ನಿಜ.

ಇಲ್ಲಿ ಯಾರೂ ಕೇಳದ ಒಂದು ಪ್ರಶ್ನೆ ಇದೆ. ಅಕ್ಷರಧಾಮದ ಆರು ಮಂದಿಯಲ್ಲಿ ಮೂವರಿಗೆ ಗಲ್ಲಾಗಿರಲಿಲ್ಲ. ಐದು ವರ್ಷದ ಸೆರೆಯಾದವರ ಅವಧಿ, ಬಂಧನದ ದಿನದಿಂದ ಎಣಿಸಿದರೆ, ಖುಲಾಸೆಯ ದಿನಕ್ಕೆ ಬಹಳ ಮೊದಲೇ ಮುಗಿಯುತ್ತದೆ. ಆ ಐದು ವರ್ಷಗಳನ್ನು ಯಾವ ನ್ಯಾಯಾಲಯ ಹಿಂದಿರುಗಿಸಿತು? ಉಳಿದವರು ಒಳಗೆ ಕಳೆದ ವರ್ಷಗಳನ್ನು? ಖುಲಾಸೆಯಾದವರು ಪರಿಹಾರ ಕೇಳಿ ಹೋದಾಗ 2016ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಪುರಸ್ಕರಿಸಲಿಲ್ಲ. ತಿದ್ದಲಾಗದ ತಪ್ಪು ನೇಣುಗಂಬದಲ್ಲಿ ಮಾತ್ರ ಇಲ್ಲ, ಸೆರೆಮನೆಯ ಪ್ರತಿ ಕೋಣೆಯಲ್ಲೂ ಇದೆ. ಸಾವು ಪೂರ್ತಿ ತಿದ್ದಲಾಗದು, ಸೆರೆ ಅರೆಬರೆ ತಿದ್ದಬಹುದು. ಈ ವ್ಯತ್ಯಾಸ ದೊಡ್ಡದು, ನಾನು ಅದನ್ನು ಕಿರಿದು ಮಾಡುವುದಿಲ್ಲ. ಆದರೆ ಗಲ್ಲಿನ ಪ್ರಕರಣಕ್ಕೆ ಸಿಗುವ ಪರಿಶೀಲನೆಯ ಪದರಗಳು ಹತ್ತು ವರ್ಷದ ಸೆರೆಯ ಪ್ರಕರಣಕ್ಕೆ ಸಿಗುವುದಿಲ್ಲ. ಮೂವರ ಕೊರಳಿಗೆ ಹಗ್ಗವಿದ್ದ ಕಾರಣಕ್ಕೆ ಆ ಕಡತಕ್ಕೆ ಅಷ್ಟು ಸಲ ಓದುಗರು ಸಿಕ್ಕರು. ಆರೂ ಮಂದಿಗೆ ಏಳೆಂಟು ವರ್ಷದ ಸೆರೆಯಾಗಿದ್ದರೆ ಆ ಪತ್ರಗಳನ್ನೂ ಆ ಪ್ಯಾಂಟುಗಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡುವವರು ಯಾರಾದರೂ ಇರುತ್ತಿದ್ದರೇ?

ಎದುರಾಳಿಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬಹುದು. ಸುಪ್ರೀಂ ಕೋರ್ಟೇ ತಪ್ಪಿದರೆ? ತಪ್ಪಿದ್ದೂ ಉಂಟು. ಮಹಾರಾಷ್ಟ್ರದ ಅಂಕುಶ್ ಮಾರುತಿ ಶಿಂದೆ ಪ್ರಕರಣದಲ್ಲಿ 2009ರಲ್ಲಿ ಆರು ಮಂದಿಗೆ ಗಲ್ಲೆಂದ ಅದೇ ನ್ಯಾಯಾಲಯ 2019ರಲ್ಲಿ ಆರೂ ಮಂದಿ ನಿರಪರಾಧಿಗಳೆಂದು ಬಿಡುಗಡೆ ಮಾಡಿತು. ಅವರನ್ನು ಉಳಿಸಿದ್ದು 2014ರ ಒಂದು ನಿಯಮ: ಗಲ್ಲಿನ ಪ್ರಕರಣಗಳ ಮರುಪರಿಶೀಲನೆಯನ್ನು ನ್ಯಾಯಮೂರ್ತಿಗಳು ತಮ್ಮ ಕೋಣೆಯಲ್ಲಿ ಕಾಗದ ತಿರುವಿ ಮುಗಿಸುವಂತಿಲ್ಲ, ಮೂವರ ಪೀಠ ತೆರೆದ ನ್ಯಾಯಾಲಯದಲ್ಲಿ ವಾದ ಕೇಳಬೇಕು ಎಂಬುದು. ಪದರವೊಂದನ್ನು ಸೇರಿಸಿದಾಗ ಜೀವಗಳು ಉಳಿದವು. ಹಾಗಾದರೆ ಮಾಡಬೇಕಾದ ಕೆಲಸ ಪದರಗಳನ್ನು ಗಟ್ಟಿ ಮಾಡುವುದು. ಬರೀ ‘ಎಚ್ಚರದಿಂದಿರಿ’ ಎಂದು ನ್ಯಾಯಾಧೀಶರಿಗೆ ಹೇಳಿ ಮುಗಿಸುವುದು ನನಗೂ ಒಪ್ಪಿಗೆಯಿಲ್ಲ. ಮೂರು ಷರತ್ತುಗಳು ಕಾನೂನಿನಲ್ಲೇ ಬರಬೇಕು.

ಒಂದು, ತಪ್ಪೊಪ್ಪಿಗೆಯ ಆಧಾರದ ಮೇಲೆ ಯಾರನ್ನೂ ನೇಣಿಗೇರಿಸಕೂಡದು. ಪೋಟಾ 2004ರಲ್ಲಿ ರದ್ದಾಯಿತು, ಆದರೆ ಪೊಲೀಸರ ಮುಂದಿನ ತಪ್ಪೊಪ್ಪಿಗೆಯನ್ನು ಒಪ್ಪುವ ಕಾನೂನುಗಳು ಹೋಗಿಲ್ಲ. ಕರ್ನಾಟಕದ ‘ಕೋಕಾ’ದಲ್ಲಿ ಆ ಅವಕಾಶವಿದೆ, 2019ರಿಂದ ಜಾರಿಯಲ್ಲಿರುವ ಗುಜರಾತಿನ ‘ಗುಜ್‌ಸಿಟೋಕ್’ನಲ್ಲೂ ಇದೆ. ಎರಡರಲ್ಲೂ ಸಾವು ಸಂಭವಿಸಿದ ಅಪರಾಧಕ್ಕೆ ಮರಣದಂಡನೆ ವಿಧಿಸಬಹುದು. ನಮ್ಮ ಹುಟ್ಟೂರಿನ ರಾಜ್ಯವೂ ನಮ್ಮ ಅನ್ನದ ರಾಜ್ಯವೂ ಅಕ್ಷರಧಾಮದ ತಪ್ಪಿಗೆ ಬಾಗಿಲನ್ನು ತೆರೆದೇ ಇಟ್ಟಿವೆ. ಮುಚ್ಚಬೇಕಾದದ್ದು ಆ ಬಾಗಿಲನ್ನು.

ಎರಡು, ಉಳಿದ ಸಂಶಯಕ್ಕೆ ಕಾನೂನಿನ ಸ್ಥಾನ. ಅಪರಾಧ ಸಾಬೀತಾಗಲು ‘ಸಮಂಜಸವಾದ ಸಂಶಯಕ್ಕೆ ಎಡೆಯಿಲ್ಲದಂತೆ’ ಎಂಬ ಅಳತೆ ಸಾಕು. ಕೊಲ್ಲಲು ಅದು ಸಾಲದು. 2014ರ ಅಶೋಕ್ ದೇಬ್‌ಬರ್ಮ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಅಪರಾಧಿ ಎಂದು ತೀರ್ಮಾನಿಸಿದ ಮೇಲೂ ಮನದ ಮೂಲೆಯಲ್ಲಿ ಉಳಿಯುವ ಸಣ್ಣ ಸಂಶಯ ಗಲ್ಲನ್ನು ತಪ್ಪಿಸಲು ಕಾರಣವಾಗಬಹುದು ಎಂದು ಗುರುತಿಸಿತು. ಇದು ನ್ಯಾಯಾಧೀಶರ ಇಷ್ಟಕ್ಕೆ ಬಿಟ್ಟ ಮಾತಾಗದೆ ಕಡ್ಡಾಯವಾಗಲಿ: ಅಪರಾಧಿಯನ್ನು ಕೃತ್ಯಕ್ಕೆ ಕಟ್ಟುವ ಸ್ವತಂತ್ರವಾದ ವೈಜ್ಞಾನಿಕ ಸಾಕ್ಷ್ಯ ಇಲ್ಲದಿದ್ದರೆ ಗಲ್ಲು ಇಲ್ಲ.

ಮೂರು, ಒಮ್ಮತ. ಕಾನೂನು ಆಯೋಗ 2003ರ ತನ್ನ 187ನೆಯ ವರದಿಯಲ್ಲಿ, ಗಲ್ಲಿನ ಪ್ರಕರಣಗಳನ್ನು ಸುಪ್ರೀಂ ಕೋರ್ಟಿನ ಕನಿಷ್ಠ ಐವರ ಪೀಠ ಕೇಳಬೇಕೆಂದು ಸಲಹೆ ಕೊಟ್ಟಿತ್ತು. ನಾನು ಅದಕ್ಕೆ ಇಷ್ಟನ್ನು ಸೇರಿಸುತ್ತೇನೆ: ಐವರಲ್ಲಿ ಒಬ್ಬರಿಗೆ ಒಪ್ಪಿಗೆಯಿಲ್ಲದಿದ್ದರೂ ಶಿಕ್ಷೆ ಜೀವಾವಧಿಗೆ ಇಳಿಯಬೇಕು. ಬಚನ್ ಸಿಂಗ್ ತೀರ್ಪಿನ ಐವರಲ್ಲಿ ಭಿನ್ನಮತ ತಳೆದವರು ಗುಜರಾತಿನವರೇ ಆದ ನ್ಯಾಯಮೂರ್ತಿ ಪಿ.ಎನ್. ಭಗವತಿ. ಅವರ ಪ್ರಕಾರ ಮರಣದಂಡನೆಯೇ ಮನಸೋ ಇಚ್ಛೆಯದು, ಪೀಠ ಬದಲಾದರೆ ಬದುಕು ಸಾವು ಅದಲುಬದಲಾಗುತ್ತದೆ. ಅವರು ಕಂಡ ರೋಗ ನಿಜ. ಒಮ್ಮತದ ನಿಯಮ ಆ ರೋಗಕ್ಕೇ ಮದ್ದು. ಒಬ್ಬ ಭಗವತಿ ಪೀಠದಲ್ಲಿದ್ದರೆ ಸಾಕು, ನೇಣು ತಪ್ಪುತ್ತದೆ.

ಈ ಷರತ್ತುಗಳನ್ನು ಹಾಕಿದರೆ ಗಲ್ಲು ಇನ್ನೂ ಅಪರೂಪವಾಗುತ್ತದೆ. ಆಗಲಿ. 2008ರ ಅಹಮದಾಬಾದ್ ಸರಣಿ ಸ್ಫೋಟದ ಪ್ರಕರಣದಲ್ಲಿ 2022ರ ಫೆಬ್ರವರಿಯಲ್ಲಿ ವಿಶೇಷ ನ್ಯಾಯಾಲಯ ಒಂದೇ ದಿನ 38 ಮಂದಿಗೆ ಮರಣದಂಡನೆ ವಿಧಿಸಿತು. ಐವತ್ತಕ್ಕೂ ಹೆಚ್ಚು ಜೀವಗಳನ್ನು ತೆಗೆದ ಆ ಕೃತ್ಯ ಹೇಯವಾದುದು. ಆದರೂ ಮೂವತ್ತೆಂಟು ಎಂಬುದು ಒಂದು ತೀರ್ಮಾನವಲ್ಲ, ಮೂವತ್ತೆಂಟು ಬೇರೆ ಬೇರೆ ತೀರ್ಮಾನಗಳು. ಬಾಂಬ್ ಇಟ್ಟವನು, ಸೈಕಲ್ ಕೊಂಡವನು, ಮನೆ ಬಾಡಿಗೆ ಹಿಡಿದುಕೊಟ್ಟವನು ಒಂದೇ ಅಲ್ಲ. ಪ್ರತಿಯೊಬ್ಬನ ಪಾತ್ರವನ್ನೂ ಈ ಜರಡಿಯಲ್ಲಿ ಹಿಡಿದು ಉಳಿದವರ ಸಂಖ್ಯೆ ಎಷ್ಟೇ ಇರಲಿ, ಅದನ್ನು ನಾನು ಒಪ್ಪುತ್ತೇನೆ.

2015ರಲ್ಲಿ ನ್ಯಾಯಮೂರ್ತಿ ಎ.ಪಿ. ಶಾ ನೇತೃತ್ವದ ಕಾನೂನು ಆಯೋಗ ತನ್ನ 262ನೆಯ ವರದಿಯಲ್ಲಿ, ಭಯೋತ್ಪಾದನೆಯ ಪ್ರಕರಣಗಳನ್ನು ಬಿಟ್ಟು ಉಳಿದೆಲ್ಲದಕ್ಕೂ ಮರಣದಂಡನೆ ರದ್ದಾಗಲಿ ಎಂದಿತು. ನನ್ನ ಮಿತ್ರರು ಇದನ್ನು ತಮ್ಮ ಕಡೆಯ ಸಾಕ್ಷಿಯಾಗಿ ಕರೆದರು. ಆದರೆ ತಪ್ಪಿನ ಸಂಭವ ಎಲ್ಲಿ ಅತಿ ಹೆಚ್ಚು? ಜನರ ಸಿಟ್ಟು, ರಾಜಕೀಯದ ಒತ್ತಡ, ಪೊಲೀಸರ ಮೇಲಿನ ಆತುರ, ವಿಶೇಷ ಕಾನೂನುಗಳ ಸಡಿಲ ಸಾಕ್ಷ್ಯ, ಇವೆಲ್ಲ ಸೇರುವುದು ಭಯೋತ್ಪಾದನೆಯ ಪ್ರಕರಣದಲ್ಲೇ. ಅಕ್ಷರಧಾಮ ಅಂಥದ್ದೇ. ತಪ್ಪು ಎಲ್ಲಿ ಸುಲಭವೋ ಅಲ್ಲಿ ಗಲ್ಲನ್ನು ಉಳಿಸಿ, ಸಾಕ್ಷ್ಯ ಎಲ್ಲಿ ಗಟ್ಟಿಯೋ ಅಲ್ಲಿ ತೆಗೆಯುವುದು ಯಾವ ಲೆಕ್ಕ? ಅಪರಾಧದ ಹೆಸರನ್ನು ನೋಡಿ ಗೆರೆ ಎಳೆಯಬಾರದು. ಸಾಕ್ಷ್ಯದ ಗಟ್ಟಿತನವನ್ನು ನೋಡಿ ಎಳೆಯಬೇಕು.

ಅಧ್ಯಕ್ಷರೇ, ನಾನು ಕೇಳುತ್ತಿರುವುದು ಇಷ್ಟೇ. ಸಾಕ್ಷಿಯನ್ನು ಕೊಲ್ಲಬೇಕೋ ಬೇಡವೋ ಎಂದು ಲೆಕ್ಕ ಹಾಕುವವನ ಮುಂದೆ ಕಾನೂನು ಕೊನೆಯ ಮೆಟ್ಟಿಲೊಂದನ್ನು ಉಳಿಸಿಕೊಂಡಿರಲಿ. ಆ ಮೆಟ್ಟಿಲನ್ನು ಹತ್ತುವ ಮುನ್ನ ನ್ಯಾಯಾಲಯ, ರಕ್ತದ ಕಲೆಯಿಲ್ಲದ ಆ ಎರಡು ಪತ್ರಗಳನ್ನು ಪ್ರತಿ ಸಲವೂ ನೆನೆಯಲಿ. ನಿರ್ಣಯವನ್ನು ನಾನು ವಿರೋಧಿಸುತ್ತೇನೆ, ಸಭೆಯೂ ವಿರೋಧಿಸಬೇಕೆಂದು ಕೋರುತ್ತೇನೆ.